ಹೋಟೆಲಿನವರನ್ನು ಕೇಳಲು ಹೋದದ್ದು

ಮುಂಬಯಿ ಪಕ್ಕದ ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಮಾಡುತ್ತಿದ್ದ ಅಕೌಂಟ್ಸ್ ಕೆಲಸ ಬಿಟ್ಟು ಹೋಟೆಲ್ ಹಾಕುವ ಯೋಚನೆ ನನ್ನದು. ಅದಕ್ಕೂ ಮೊದಲು ಹೋಟೆಲ್ ನಡೆಸುವವರನ್ನೇ ಕೇಳೋಣವೆಂದು ರಜೆ ಹಾಕಿ ಠಾಣೆ, ಕಲ್ಯಾಣ ಸುತ್ತಿದೆ. ನಮ್ಮ ಊರಿನವನೆಂದು ಎಲ್ಲರೂ ಮಸಾಲೆ ದೋಸೆ ತಿನ್ನಿಸಿದರು. ಉತ್ತರ ಮಾತ್ರ ಒಬ್ಬರೂ ಕೊಡಲಿಲ್ಲ. ಕಷ್ಟವೇನೆಂದು ಕೇಳಿದರೆ, "ದೇವರ ದಯೆ, ಎಲ್ಲ ಒಳ್ಳೆದುಂಟು." ಕೇಳಿ ಕೇಳಿ ತಲೆ ಕೆಟ್ಟುಹೋಯಿತು.

ಕೊನೆಗೆ ಡೊಂಬಿವಲಿಯ ಗುಣಪಾಲಣ್ಣನ ಹೋಟೆಲಿಗೆ ಹೋದೆ. ಅಡುಗೆಯ ಭಟ್ಟರು ಕೈಕೊಟ್ಟಿದ್ದರಿಂದ ಮಾಲೀಕರಾದ ಅವರೇ ಕಾವಲಿಯ ಮುಂದೆ ನಿಂತಿದ್ದರು.

"ಹೊಗಳೋದು ಬೇಡ ಅಣ್ಣ," ಎಂದೆ. "ನಿನ್ನೆ ಬೆಳಿಗ್ಗೆಯಿಂದ ಇಲ್ಲಿ ಏನೇನಾಯ್ತು, ಅಷ್ಟು ಹೇಳಿ ಸಾಕು."

"ನಿನ್ನೆಯಾ? ಫಸ್ಟ್ ಕ್ಲಾಸ್ ಮಾರಾಯ!" ಎನ್ನುತ್ತ ಹಿಟ್ಟು ಮೆತ್ತಿದ ಕೈ ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ಅದಿರಲಿ, ನಮ್ಮ ಸುಜನ್‌ಗೆ ನಿಮ್ಮ ಆಫೀಸಲ್ಲಿ ಏನಾದ್ರೂ ಕೆಲಸ ಸಿಕ್ಕೀತಾ? ಮಗ ಈ ಹೋಟೆಲಿಗೆ ಬರೋದು ಬೇಡ. ಆಫೀಸು ಕೆಲಸ ಹೇಗುಂಟು?"

ದಿನಾ ಸಾಹೇಬನ ಬೈಗುಳ ತಿನ್ನುವ ನಾನು ಬಾಯಿ ತೆರೆದೆ.

"ಫಸ್ಟ್ ಕ್ಲಾಸ್ ಅಣ್ಣ," ಎಂದೆ.