ಒಂದೇ ಬಲ್ಬು ತಂದವನು

ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವಿಜಯನಗರದ ಆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎಂಟು ಜನ ಗಿರಾಕಿಗಳಿದ್ದರು. ಆ ಎಂಟು ಜನರ ಎದುರಿಗೇ ಮಧುಕುಮಾರ್ ಎನ್ನುವ ಮನುಷ್ಯ ಗೋಡೆ ದೀಪದ ಹನ್ನೆರಡು ಡಬ್ಬಗಳನ್ನು ತಂದು ಕೌಂಟರಿನ ಮೇಲೆ ಧಡ್ಡನೆ ಇಳಿಸಿದ. ಹಿಂದಿನ ದಿನ ಸಂಜೆ ಅವನ್ನು ಅವನಿಗೆ ಕೊಟ್ಟಿದ್ದವಳು ಕೌಂಟರಿನ ಹುಡುಗಿ ಭುವನೇಶ್ವರಿ.

"ಒಂದ್ ಬಲ್ಬೂ ಕೂರ್ತಾ ಇಲ್ಲ ಇದ್ರಲ್ಲಿ! ಎಲೆಕ್ಟ್ರಿಷಿಯನ್ ನೋಡಿ ನಕ್ಕು ಹೊರಟೋದ. ನಾಳೆ ನನ್ ತಂಗಿನ ನೋಡೋಕೆ ಬರ್ತಿದಾರೆ. ಏನ್ರೀ ಪಂಚಾಕ್ಷರಿಯವರೇ, ಕೌಂಟರ್‌ನಲ್ಲಿ ಗೊತ್ತಿರೋರನ್ನ ನಿಲ್ಲಿಸ್ಬಾರ್ದಾ?"

ಪಂಚಾಕ್ಷರಿ ಅಂಗಡಿಯ ಮಾಲೀಕ. ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಿಂದ ಅವನು ಏಳುವುದೇ ಅಪರೂಪ. ಇವತ್ತು ಎದ್ದ.

"ಭುವನಾ, ಏನಿದು? ಪಿನ್ನೋ ಸ್ಕ್ರೂನೋ ಅಂತ ಕೇಳೋಕೂ ಬರಲ್ವಾ ನಿಂಗೆ?"

"ಕೇಳ್ದೆ ಸಾರ್. ಮನೇಲಿರೋ ಬಲ್ಬನ್ನೇ ಹಾಕ್ತೀನಿ ಅಂದ್ರು. ಹಾಗಾದ್ರೆ ಬಲ್ಬ್ ತಂದು ತೋರಿಸಿ ಅಂದೆ. ಮೊನ್ನೆ ಬರಿಗೈಲಿ ಬಂದಿದ್ರು, ವಾಪಸ್ ಕಳಿಸ್ದೆ. ನಿನ್ನೆ ಒಂದ್ ತಂದು ತೋರಿಸಿದ್ರು. ಸ್ಕ್ರೂ ಇತ್ತು. ಎಲ್ಲಾನೂ ಹಿಂಗೇನಾ ಅಂದ್ರೆ, ಹೂಂ ಎಲ್ಲಾ ಒಂದೇ ಅಂದ್ರು."

"ಸುಳ್ಳು!" ಎಂದ ಮಧುಕುಮಾರ್. "ನಾನ್ ತಂದಿದ್ದು ಪಿನ್ ಬಲ್ಬು. ಅದನ್ನ ನೋಡಿನೂ ಇವ್ರು ಸ್ಕ್ರೂ ಕೊಟ್ರು."

ಭುವನೇಶ್ವರಿಯ ಮೈಯೆಲ್ಲ ಉರಿದುಹೋಯಿತು. ಬಾದಾಮಿ ಕಡೆಯಿಂದ ಬಂದು ಮೂರು ವರ್ಷ ಅವಳು ಇದೇ ಅಂಗಡಿಯ ಗೋಡೌನಿನಲ್ಲಿ ಧೂಳು ತಿಂದುಕೊಂಡು ಡಬ್ಬಗಳಿಗೆ ಚೀಟಿ ಅಂಟಿಸಿದ್ದಳು. ಕೌಂಟರಿಗೆ ಬಂದು ಆರು ತಿಂಗಳಾಗಿತ್ತು ಅಷ್ಟೇ. ಆ ಜಾಗ ಯಾರೂ ಕರೆದು ಕೊಟ್ಟದ್ದಲ್ಲ. ಯಾವ ಬಲ್ಬು ಯಾವ ಹೋಲ್ಡರಿಗೆ ಎಂದು ಕೌಂಟರಿನವರು ತಡಕಾಡುತ್ತಿದ್ದಾಗಲೆಲ್ಲ ಗೋಡೌನಿನಿಂದ ಕೂಗಿ ಹೇಳಿ ಹೇಳಿ ಗಳಿಸಿಕೊಂಡದ್ದು.

"ಸಾರ್, ಅವ್ರು ತಂದಿದ್ದು ಸ್ಕ್ರೂ..."

"ಬಾಯ್ ಮುಚ್ಚು!" ಪಂಚಾಕ್ಷರಿಯ ಕೂಗಿಗೆ ಫ್ಯಾನು ನೋಡುತ್ತಿದ್ದ ಗಿರಾಕಿಯೂ ತಿರುಗಿ ನಿಂತ. "ಗಿರಾಕಿ ಸುಳ್ಳು ಹೇಳ್ತಾರಾ? ಕಣ್ಣು ನೆಟ್ಟಗಿಲ್ದೇ ಇರೋಳು ಕೌಂಟರ್‌ಗೆ ಯಾಕ್ ಬರ್ಬೇಕು? ಸೋಮವಾರದಿಂದ ಗೋಡೌನ್‌ಗೆ ಹೋಗು. ನಿನ್ ಯೋಗ್ಯತೆಗೆ ಅದೇ ಸರಿ."

ಎಂಟು ಜನರೂ ಅವಳನ್ನೇ ನೋಡಿದರು. ಅತ್ತುಬಿಡುತ್ತಾಳೆ ಎಂದು ಕೆಲವರಿಗೆ ಅನ್ನಿಸಿರಬೇಕು. ಅವಳಿಗೆ ಅಳು ಬರಲಿಲ್ಲ. ಸಿಟ್ಟು ನೆತ್ತಿಗೇರಿದರೆ ಅವಳ ಬಾಯಿಂದ ಬೆಂಗಳೂರಿನ ಮಾತು ಜಾರಿ ಊರಿನ ಮಾತು ಬರುತ್ತಿತ್ತು. ಈಗ ಬಂದದ್ದೂ ಅದೇ.

"ನಡೀರಿ, ನಿಮ್ಮ ಮನೀಗೇ ಹೋಗೂಣು. ನೀವು ಯಾವ ಬಲ್ಬ್ ಬಿಚ್ಚಿ ತಂದಿದ್ರಿ ಅನ್ನೂದು ಅಲ್ಲೇ ಗೊತ್ತಾಗ್ತದ. ತಪ್ಪು ನಂದಾದ್ರ ನಾ ಗೋಡೌನಿಗಲ್ರೀ, ಊರಿಗೇ ಹೊಂಟ್ ಹೊಕ್ಕೀನಿ."

ಪಂಚಾಕ್ಷರಿ ಬೇಡವೆನ್ನಲಿಲ್ಲ. ಗಿರಾಕಿಯ ಜಗಳ ಅಂಗಡಿಯಿಂದ ಹೊರಗೆ ಹೋದರೆ ಸಾಕಾಗಿತ್ತು ಅವನಿಗೆ. ಮಧುಕುಮಾರನಿಗೂ ಎಲ್ಲರೆದುರು ಒಲ್ಲೆ ಎನ್ನಲು ಆಗಲಿಲ್ಲ. ಭುವನೇಶ್ವರಿ ಒಂದು ಪಿನ್ ಹೋಲ್ಡರನ್ನೂ ಒಂದು ಸ್ಕ್ರೂ ಹೋಲ್ಡರನ್ನೂ ಬ್ಯಾಗಿಗೆ ಹಾಕಿಕೊಂಡು ಅವನ ಕಾರಿನ ಹಿಂದಿನ ಸೀಟಿನಲ್ಲಿ, ಅವನು ವಾಪಸ್ ತುಂಬಿದ್ದ ಡಬ್ಬಗಳ ಪಕ್ಕ ಕೂತಳು.

ನಾಗರಭಾವಿ ದಾಟಿದ ಮೇಲೆ ಅವನ ದನಿ ಸ್ವಲ್ಪ ಮೆತ್ತಗಾಯಿತು. "ಅದೇನೋ ಅಡಾಪ್ಟರ್ ಬರುತ್ತಂತಲ್ಲ, ಸ್ಕ್ರೂಗೆ ಹಾಕಿ ಮೇಲೆ ಪಿನ್ ಬಲ್ಬ್ ಹಾಕೋದು. ಅದನ್ನೇ ಕೊಟ್ಬಿಡಿ, ಮುಗಿದೋಗುತ್ತೆ."

"ಅಡಾಪ್ಟರ್ ಹಾಕಿದ್ರೆ ಬಲ್ಬು ಎರಡು ಬೆರಳು ಮುಂದಕ್ಕೆ ಬರುತ್ತೆ. ನೀವು ತಗೊಂಡಿರೋದಕ್ಕೆ ಗಾಜಿನ ಬುರುಡೆ ಇದೆ. ಅದು ಮುಚ್ಚಲ್ಲ," ಎಂದಳು ಅವಳು. ಮುಗಿದುಹೋಗುವುದಂತೆ! ಇವನಿಗೆ ದೀಪ ಉರಿದರೆ ಮುಗಿಯಿತು. ತನ್ನ ಗತಿ?

ಮಲ್ಲತ್ತಹಳ್ಳಿಯ ಮನೆ ಎರಡು ಕಾಲಕ್ಕೆ ಸೇರಿದ್ದು. ಕೆಳಗಿನದು ಇಪ್ಪತ್ತು ವರ್ಷದ ಹಳೆಯದು. ಹೊಲ ಲೇಔಟ್ ಆದ ಮೇಲೆ ಅದರ ಮೇಲೊಂದು ಮಹಡಿ ಎದ್ದು ಎರಡು ವರ್ಷವಾಗಿತ್ತು. ಬಾಗಿಲಲ್ಲಿ ಮಧುಕುಮಾರನ ತಾಯಿ ಬೋರಮ್ಮ ಹುರುಳಿ ಕೇರುತ್ತಿದ್ದಳು. ಮಗನ ಹಿಂದೆ ಅಪರಿಚಿತ ಹುಡುಗಿ ಇಳಿದದ್ದನ್ನು ಕಂಡು ಮೊರ ಕೆಳಗಿಟ್ಟಳು.

"ಯಾರ್ಲಾ ಇವ್ಳು?"

"ಲೈಟ್ ಅಂಗಡಿಯೋಳು ಕಣಮ್ಮ. ತಪ್ಪು ಲೈಟ್ ಕೊಟ್ಟವ್ಳೆ, ಮೇಲೆ ಜೋರ್ ಬೇರೆ ಮಾಡ್ತಾಳೆ."

ಭುವನೇಶ್ವರಿ ಅವನತ್ತ ನೋಡಲೂ ಇಲ್ಲ. ನೇರವಾಗಿ ಮುದುಕಿಯನ್ನು ಕೇಳಿದಳು. "ಅಮ್ಮಾ, ಈ ಮನೇಲಿ ಬಲ್ಬ್ ಹೋದ್ರೆ ಯಾರು ಬದಲಾಯಿಸ್ತಾರೆ?"

"ನಾನೇ ಕಣವ್ವ. ಇವ್ರಪ್ಪ ಇದ್ದಾಗ್ಲೂ ನಾನೇ. ಈ ಮನೆ ಗಂಡಸ್ರು ಸ್ವಿಚ್ ಒತ್ತೋದು ಬಿಟ್ರೆ ಇನ್ನೇನ್ ಮಾಡವ್ರೆ?"

"ಹೆಂಗ್ ಬಿಚ್ತೀರಿ?"

ಬೋರಮ್ಮ ಗಾಳಿಯಲ್ಲೇ ಕೈಯಾಡಿಸಿ ತೋರಿಸಿದಳು. "ಕೆಳಗಿನವೆಲ್ಲ ಒಳಿಕ್ ಒತ್ತಿ ಒಂದ್ಸಲ ಹಿಂಗ್ ತಿರುಗ್ಸಿದ್ರೆ ಕೈಗ್ ಬರ್ತವೆ. ಮೇಲಿನವು ಹಂಗಲ್ಲ. ಸೀಸೆ ಮುಚ್ಳ ತೆಗ್ದಂಗೆ ಸುತ್ತಿ ಸುತ್ತಿ ತೆಗೀಬೇಕು. ತೋಳು ನೋಯ್ತದೆ."

ಕೆಳಗೆ ಪಿನ್, ಮೇಲೆ ಸ್ಕ್ರೂ. ಬಲ್ಬೇ ನೋಡದೆ ಈ ಮುದುಕಿಯ ಕೈ ಹೇಳಿಬಿಟ್ಟಿತು. ಇದನ್ನು ಮೊನ್ನೆಯೇ ಅವಳನ್ನು ಒಂದು ಮಾತು ಕೇಳಿದ್ದರೆ ಏನು ಕಳೆದುಹೋಗುತ್ತಿತ್ತು ಈ ಮಹಾರಾಯನಿಗೆ? ತಾಯಿಯನ್ನು ದೀಪದ ವಿಷಯ ಕೇಳುವುದೆಂದರೆ ಅವಮಾನ!

"ಅದಿರ್ಲಿ," ಎಂದ ಮಧುಕುಮಾರ್. "ನಾನ್ ತಂದಿದ್ದು ಕೆಳಗಿನ ಬಲ್ಬು. ಹಾಲ್‌ನಿಂದ ಬಿಚ್ಚಿದ್ದು."

"ನೀನೇ ಬಿಚ್ಚಿದ್ಯಾ?" ಬೋರಮ್ಮ ಕಣ್ಣರಳಿಸಿದಳು.

"ಹೂಂ."

"ಹಂಗಾದ್ರೆ ಈಗೊಂದ್ ಬಿಚ್ಚಿ ತೋರ್ಸು."

ಅವನು ಸ್ಟೂಲು ಎಳೆದುಕೊಂಡು ಹಾಲಿನಲ್ಲಿ ಹತ್ತಿದ. ಭುವನೇಶ್ವರಿ ಹೋಗಿ ಸ್ವಿಚ್ ಆಫ್ ಮಾಡಿದಳು. ಅವನು ಬಲ್ಬಿನ ಬಿಳಿ ಬುಡವನ್ನು ಹಿಡಿದು ತಿರುಗಿಸಿದ, ಬರಲಿಲ್ಲ. ಇನ್ನೂ ಬಲವಾಗಿ ತಿರುಗಿಸಿದ. ಹೋಲ್ಡರಿನ ಮುಂದಿನ ಬಳೆಯೇ ಸಡಿಲವಾಗಿ ಗರಗರ ತಿರುಗತೊಡಗಿತು. ಬಲ್ಬು ಮಾತ್ರ ಕೂತಲ್ಲೇ ಕೂತಿತ್ತು.

"ಒತ್ಲಾ ಮೊದ್ಲು! ಒತ್ತಿ ತಿರುಗ್ಸು!" ಎಂದು ಬೋರಮ್ಮ ರೇಗಿದಳು.

ಒತ್ತಿ ತಿರುಗಿಸಿದಾಗ ಬಲ್ಬು ಕೈಗೆ ಬಂತು. ಭುವನೇಶ್ವರಿ ಅದನ್ನು ಇಸಿದುಕೊಂಡು ಅವನ ಮುಖದೆದುರು ಹಿಡಿದಳು. "ನೋಡ್ರಿ. ಬುಡದ ಎರಡೂ ಪಕ್ಕ ಪುಟ್ಟ ಮೊಳೆ. ತಳದಾಗ ಸೀಸದ ಎರಡು ಚುಕ್ಕಿ. ಇದು ಪಿನ್. ಇದರ ಹೋಲ್ಡರಿನ ಬಾಯಾಗ ಎರಡು ಸೀಳು ಇರ್ತಾವ, ಒಳಗ ಸ್ಪ್ರಿಂಗ್ ಮ್ಯಾಲೆ ಎರಡು ಕಡ್ಡಿ." ಬ್ಯಾಗಿನಿಂದ ಪಿನ್ ಹೋಲ್ಡರ್ ತೆಗೆದು ಬಲ್ಬನ್ನು ಕೂರಿಸಿ ತೋರಿಸಿದಳು. ಆಮೇಲೆ ಸ್ಕ್ರೂ ಹೋಲ್ಡರ್ ತೆಗೆದಳು. "ಇದರ ಒಳಗ ಸುತ್ತು ಸುತ್ತು ಗೆರಿ. ತಳದ ನಡುವ ಒಂದೇ ತಗಡು. ಕುರುಡರಿಗೂ ಬೆರಳಾಡಿಸಿದ್ರ ಗೊತ್ತಾಗ್ತದ. ನನಗ ಗೊತ್ತಾಗಲಿಲ್ಲ ಅಂತೀರಿ."

ಮಧುಕುಮಾರ್ ಸ್ಟೂಲಿನಿಂದ ಇಳಿದು ಬೆವರು ಒರೆಸಿಕೊಂಡ.

"ಮಧು," ಎಂದಳು ಬೋರಮ್ಮ ಇದ್ದಕ್ಕಿದ್ದಂತೆ, "ರಾತ್ರಿ ಮಹಡಿ ಮೆಟ್ಲು ಕತ್ಲೆ ಕತ್ಲೆ ಆಗಿತ್ತು. ಬಲ್ಬ್ ಉರ್ದೋಯ್ತೇನೋ ಅಂದ್ಕೊಂಡಿದ್ದೆ. ಬಾ ನೋಡವ."

ಮೂವರೂ ಮೆಟ್ಟಿಲು ಹತ್ತಿದರು. ತಿರುವಿನ ಗೋಡೆಯಲ್ಲಿ ಹೋಲ್ಡರು ಬಾಯಿ ತೆರೆದುಕೊಂಡು ಖಾಲಿ ಇತ್ತು. ಅದರ ಒಳಗೋಡೆಯ ತುಂಬ ಸುತ್ತು ಗೆರೆಗಳು. ಕೈಗೆಟಕುವ ಎತ್ತರದ ಬಲ್ಬು ಮನೆಯಲ್ಲಿ ಅದೊಂದೇ. ಸ್ಟೂಲು ಹತ್ತುವ ಸೋಮಾರಿತನಕ್ಕೆ ಅದನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗಿದ್ದ. ಎಲ್ಲ ಒಂದೇ ಎಂದು ಹೇಳಿದ್ದ. ತಪ್ಪು ಗೊತ್ತಾದ ಮೇಲೆ ಇನ್ನೊಬ್ಬಳ ತಲೆಗೆ ಕಟ್ಟಿದ್ದ.

"ಎಲ್ಲಿ ಆ ಬಲ್ಬು?" ಎಂದಳು ಭುವನೇಶ್ವರಿ.

"ಕಾರಲ್ಲಿದೆ."

ಬೋರಮ್ಮ ಮಗನ ಮುಖವನ್ನು ದುರುಗುಟ್ಟಿ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. "ಹೆಣ್ಮಗಿನ ಅನ್ನಕ್ಕೆ ಕಲ್ಲಾಕ್ತೀಯೇನ್ಲಾ? ನಡಿ ಅಂಗಡಿಗೆ. ನಾನೂ ಬತ್ತೀನಿ."

ಅಂಗಡಿಯಲ್ಲಿ ಗಿರಾಕಿಗಳು ಇನ್ನೂ ಹೆಚ್ಚಾಗಿದ್ದರು. ಬೆಳಗಿನವರಲ್ಲಿ ಮೂರು ನಾಲ್ಕು ಜನ ಅಲ್ಲೇ ಇದ್ದರು. ಮಧುಕುಮಾರ್ ತಲೆ ತಗ್ಗಿಸಿಕೊಂಡೇ ಹೇಳಿದ. "ತಪ್ಪು ನಂದೇ ಸಾರ್. ನಾನ್ ತಂದಿದ್ದು ಸ್ಕ್ರೂ ಬಲ್ಬೇ. ಕೆಳಗಡೆ ಎಂಟು ಪಿನ್ ಇದೆ, ನೋಡ್ಲಿಲ್ಲ. ಸುಳ್ ಹೇಳ್ದೆ."

ಪಂಚಾಕ್ಷರಿ ಹಲ್ಲು ಕಿರಿದ. "ಅಯ್ಯೋ ಬಿಡಿ ಸಾರ್, ಅದಕ್ಕೇನಂತೆ! ಇವೆಲ್ಲಾ ಆಗೋದೇ. ಬನ್ನಿ, ಕೂತ್ಕೊಳಿ, ಕಾಫಿ ತರಿಸ್ಲಾ? ಭುವನಾ, ಸಾರ್‌ಗೆ ಎಂಟು ಬದಲಾಯಿಸಿ ಪಿನ್‌ದು ಕೊಡು. ನಾಲ್ಕು ಸ್ಕ್ರೂ ಹಾಗೇ ಇರ್ಲಿ."

ಭುವನೇಶ್ವರಿ ಕದಲಲಿಲ್ಲ. ದಾರಿಯಲ್ಲಿ ಇಳಿಯುತ್ತ ಬಂದಿದ್ದ ಸಿಟ್ಟು ಈಗ ಮೊದಲಿಗಿಂತ ಎರಡು ಪಟ್ಟಾಗಿ ಏರಿತು. ಸುಳ್ಳು ಹೇಳಿದವನಿಗೆ ಕುರ್ಚಿ, ಕಾಫಿ. ನಿಜ ಹೇಳಿದವಳಿಗೆ ಬಾಯಿ ಮುಚ್ಚು!

"ನಾ ಗೋಡೌನಿನಾಕಿ ಅಲ್ರೀ ಸಾರ್? ಕೌಂಟರಿನವರಿಗೆ ಹೇಳ್ರಿ."

"ಆಯ್ತಮ್ಮಾ, ಅದೇನೋ ಸಿಟ್ಟಲ್ಲಿ ಅಂದೆ. ಕೌಂಟರ್‌ಗೇ ಬಾ, ಮುಗೀತಲ್ಲ," ಎಂದು ಅವನು ದನಿ ತಗ್ಗಿಸಿದ.

"ಮುಗಿದಿಲ್ರಿ. ಬೆಳಿಗ್ಗೆ ನಾ ಹೇಳಿದ್ದೂ ಇದೇ ಮಾತು. ಅವರ ಬಾಯಾಗ ನಿಜ ಆತು, ನನ್ನ ಬಾಯಾಗ ಯಾಕ ಸುಳ್ಳಾತು?"

ಪಂಚಾಕ್ಷರಿ ಗಿರಾಕಿಗಳನ್ನು ನೋಡಿದ, ಬೋರಮ್ಮನನ್ನು ನೋಡಿದ. ಆಮೇಲೆ ಗಲ್ಲಾಪೆಟ್ಟಿಗೆಯತ್ತ ಬಾಗಿ, ತನ್ನ ಅಂಗಿಯ ಗುಂಡಿಗೆ ಹೇಳಿಕೊಳ್ಳುವವನ ಹಾಗೆ, "ತಪ್ಪು ನಿಂದಲ್ಲ" ಎಂದ.

"ಕೇಳಲಿಲ್ರಿ."

"ಭುವನಾ..."

"ಬೆಳಿಗ್ಗೆ ಯೋಗ್ಯತೆ ಬಗ್ಗೆ ಹೇಳಿದಾಗ ಆ ಫ್ಯಾನಿನ ಮೂಲಿತನಕ ಕೇಳಿಸಿತ್ರೀ ಸಾರ್. ಈಗೂ ಅಲ್ಲೀತನಕ ಕೇಳಿಸ್ಲಿ."

ಪಂಚಾಕ್ಷರಿಯ ಮುಖ ಕೆಂಪೇರಿತು. ಒಂದು ಕ್ಷಣ ಅವನು ಮತ್ತೆ ಕೂಗಿಬಿಡುತ್ತಾನೇನೋ ಎನ್ನಿಸಿತು. ಕೂಗಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು ನಿಂತು, ಗಟ್ಟಿಯಾಗಿ ಹೇಳಿದ. "ಭುವನೇಶ್ವರಿ ಸರಿಯಾಗೇ ಕೇಳಿದ್ಲು, ಸರಿಯಾಗೇ ಕೊಟ್ಳು. ವಿಚಾರಿಸ್ದೆ ಬೈದಿದ್ದು ನನ್ ತಪ್ಪು."

ಫ್ಯಾನಿನ ಮೂಲೆಯಲ್ಲಿದ್ದವನು ತಲೆ ಆಡಿಸಿದ. ಭುವನೇಶ್ವರಿ ಕೌಂಟರಿನ ಹಲಗೆ ಎತ್ತಿ ಒಳಗೆ ಹೋಗಿ ತನ್ನ ಜಾಗದಲ್ಲಿ ನಿಂತಳು. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಎಂಟು ಪಿನ್ ದೀಪಗಳನ್ನು ಒಂದೊಂದಾಗಿ ತೆಗೆದು ಗಟ್ಟಿಯಾಗಿ ಎಣಿಸಿ ಕೌಂಟರಿನ ಮೇಲಿಟ್ಟಳು, ಆ ಸಿಟ್ಟನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ.