ನಡುಗದ ಏಳನೆಯ ಗೆರೆ

ಇದನ್ನು ಯಾರಿಗೂ ಹೇಳಿಲ್ಲ: ನನ್ನ ಪರದೆಯ ಹತ್ತು ಗೆರೆಗಳಲ್ಲಿ ಒಂದು ಉಸಿರಾಡುತ್ತಿಲ್ಲ. ನನಗೆ ಅದರ ಭಯ.

ಮಾದಾಪುರದ ಈ ಸಣ್ಣ ಕಚೇರಿಯಲ್ಲಿ ಅಮರೇಶಪ್ಪನವರು ಜನರ ದುಡ್ಡನ್ನು ಹತ್ತು ಷೇರುಗಳ ಬುಟ್ಟಿಯಲ್ಲಿ ಹೂಡುತ್ತಾರೆ. ಯಾವುದಕ್ಕೆ ಎಷ್ಟು ಪಾಲು ಎಂಬ ಲೆಕ್ಕ ನನ್ನದು. ಮೊದಲು ಎಲ್ಲಕ್ಕೂ ಸಮ, ಶೇಕಡಾ ಹತ್ತು. ಮೂರು ತಿಂಗಳ ಹಿಂದೆ ನಿಯಮ ಬದಲಾಯಿತು: ಕಳೆದ ಅರವತ್ತು ವಹಿವಾಟಿನ ದಿನಗಳಲ್ಲಿ ಹೆಚ್ಚು ಜಿಗಿದಾಡಿದ್ದಕ್ಕೆ ಕಡಿಮೆ ಪಾಲು, ಶಾಂತವಾಗಿದ್ದಕ್ಕೆ ಹೆಚ್ಚು. ತಿಂಗಳಿಗೊಮ್ಮೆ ಪರೀಕ್ಷೆ; ಇರುವ ಪಾಲಿಗೂ ಇರಬೇಕಾದ ಪಾಲಿಗೂ ಐದು ಅಂಶ ಮೀರಿ ಅಂತರ ಬಿದ್ದರೆ ಮಾತ್ರ ಮಾರಾಟ-ಖರೀದಿ.

ಏಳನೆಯ ಷೇರು ಮೊದಲ ತಿಂಗಳು ಶೇಕಡಾ ಹನ್ನೊಂದು ಪಾಲು ಕೇಳಿತು. ಎರಡನೆಯ ತಿಂಗಳು ಹದಿನಾಲ್ಕು. ಅಂತರ ಐದು ಮುಟ್ಟಲಿಲ್ಲ. ನಿಯಮ ಸುಮ್ಮನಿತ್ತು, ನಾನೂ. ಇಂದು ಅದು ಇಪ್ಪತ್ತೈದು ಕೇಳಿದೆ.

ಬೆಳಿಗ್ಗೆ ಒಬ್ಬಳೇ ಕೂತು ಅದರ ಬೆಲೆಗಳ ಪಟ್ಟಿಯನ್ನು ಸಾಲುಸಾಲಾಗಿ ನೋಡಿದೆ. ಐವತ್ತಮೂರು ದಿನ ಒಂದೇ ಬೆಲೆ, ಪೈಸೆಯೂ ಅತ್ತಿತ್ತ ಇಲ್ಲ. ಕಂಪನಿಯ ಸುದ್ದಿ ತೆರೆದೆ. ಕಂಪನಿ ತನ್ನ ಹೆಸರು ಬದಲಿಸಿಕೊಂಡಿತ್ತು. ಹಳೆಯ ಹೆಸರಿಗೆ ಬೆಲೆ ಬರುವುದೇ ನಿಂತಿತ್ತು. ಖಾಲಿ ಬಿದ್ದ ದಿನಕ್ಕೆ ಹಿಂದಿನ ದಿನದ ಬೆಲೆ ತುಂಬು ಎಂದು ಪ್ರೋಗ್ರಾಮಿನಲ್ಲಿ ಬರೆದವಳು ನಾನೇ. ಹೊಸ ಹೆಸರಿನಲ್ಲಿ ಹುಡುಕಿದೆ: ಗೆರೆ ಹುಚ್ಚು ಹಿಡಿದಂತೆ ಏರಿ ಬೀಳುತ್ತಿತ್ತು. ಅದನ್ನಿಟ್ಟು ಲೆಕ್ಕ ಹಾಕಿದರೆ ಪಾಲು ಆರು ಚಿಲ್ಲರೆ. ಈಗಿರುವ ಹತ್ತಕ್ಕೂ ಅದಕ್ಕೂ ಅಂತರ ಐದರೊಳಗೇ; ಮುಟ್ಟಬೇಕಾದ್ದೇ ಇಲ್ಲ.

ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ.

ಮಧ್ಯಾಹ್ನ ನಾರಾಯಣಗೂಡದಿಂದ ಶಾರದಾಬಾಯಿ ಬಂದರು. ನಿವೃತ್ತ ಶಿಕ್ಷಕಿ, ಉಳಿತಾಯದ ಗಂಟೆಲ್ಲ ಇದೇ ಬುಟ್ಟಿಯಲ್ಲಿದೆ. ಪರದೆಗೆ ಕಣ್ಣು ಕಿರಿದು ಮಾಡಿ ಏಳನೆಯ ಗೆರೆಗೆ ಬೆರಳಿಟ್ಟರು.

"ಇದು ಭಾಳ ಶಾಂತ ಐತಲ್ಲರಿ. ನಮ್ಮ ಮನೆಯವರು ಕಡೀಕ ಹಿಂಗ ಮಲಗಿದ್ರು."

ಅಮರೇಶಪ್ಪ ನಕ್ಕರು. "ಬಂಗಾರ ಅದ ಬಾಯಾರ! ಉಳಿದವು ಕೂಡೇ ಕುಣೀತಾವ, ಇದು ಯಾರ ಜೋಡಿನೂ ಕುಣಿಯಂಗಿಲ್ಲ. ಆ ಕೂಡಿ ಕುಣಿಯೋದನ್ನೂ ಎಣಿಸೋ ರಿಸ್ಕ್ ಪ್ಯಾರಿಟಿ ಅನ್ನೋ ಲೆಕ್ಕ ಹಚ್ಚಿದ್ರ ನಲವತ್ತು ಕೊಡಬೇಕಾಗ್ತದ. ನಾನು ಇಪ್ಪತ್ತೈದಕ್ಕ ನಿಂತೀನಿ."

"ಆ ಹುಡಿಗಿ ಯಾಕ ಬೆವರಾಕತ್ತಾಳ?" ಬಾಯಾರು ನನ್ನ ಕಡೆ ನೋಡಿದರು.

"ಆಕಿ ಮಾತಾಡಿದ ದಿನ ಪೇಪರಿನ್ಯಾಗ ಬರ್ತದ ಬಿಡ್ರಿ. ಶೈಲಶ್ರೀ, ಮೂರು ಆತು. ಆರ್ಡರ್ ಒತ್ತವ್ವ."

ಆರ್ಡರ್ ಹೋಗುವ ಕಡೆ ಹೊಸ ಹೆಸರು ಆಗಲೇ ಬಂದಿದೆ; ಒತ್ತಿದರೆ ಯಂತ್ರ ಉಳಿದ ಒಂಬತ್ತನ್ನೂ ಸ್ವಲ್ಪ ಸ್ವಲ್ಪ ಮಾರಿ, ಆ ಹುಚ್ಚು ಷೇರನ್ನೇ ಕೊಳ್ಳುತ್ತದೆ. ಬಾಯಾರ ಬೆರಳು ಗೆರೆಯ ಮೇಲೇ ಇತ್ತು, ನಾಡಿ ನೋಡುವವರಂತೆ. ಆ ಬೆರಳ ಕೆಳಗೆ ಏನೂ ಅಲುಗಲಿಲ್ಲ.

ಮೌಸಿನಿಂದ ಕೈ ತೆಗೆದೆ.

"ಸರ್, ಅದು ಶಾಂತ ಇಲ್ಲರಿ. ಬೆಲೀನ ಬರಾಕತ್ತಿಲ್ಲ. ಖಾಲಿ ಜಾಗಾ ತುಂಬಿದಾಕಿ ನಾನ."