ಗೀಸರ್ ಮತ್ತು ಅಮ್ಮನ ಬರಿಗಾಲು

ಟೀಚರ್ ಬಾಡಿಗೆ ಮನೆಯ ಯಜಮಾನರಿಗೆ ಕಾಗದವನ್ನು ಮೂರನೆಯ ಸಲ ಬರೆಯುತ್ತಿದ್ದಳು. ಮಕ್ಕಳ ತಪ್ಪಿಗೆ ಕೆಂಪು ಗೀಟು ಎಳೆಯುವ ಕೈ ಇವತ್ತು ತನ್ನ ಸಾಲಿಗೇ ಎಡವುತ್ತಿತ್ತು.

'ಮಾನ್ಯರೇ, ಗೀಸರ್ ಹಾಕಿದಾಗ ಬಚ್ಚಲಿನ ನಲ್ಲಿ ಮುಟ್ಟಿದರೆ ಸಣ್ಣಗೆ ಶಾಕ್ ಹೊಡೆಯುತ್ತಿದೆ. ಒಂದೆರಡು ಸಲವಲ್ಲ, ಪದೇ ಪದೇ. ನಮ್ಮ ತಾಯಿ ಮೂರು ತಿಂಗಳಿಂದ ಹೇಳುತ್ತಿದ್ದಾರೆ. ಅವರು ಮೊದಲೇ ಹೃದಯದ ರೋಗಿ. ದಯವಿಟ್ಟು ಅರ್ತಿಂಗ್ ಪರೀಕ್ಷೆ ಮಾಡಿಸಿಕೊಡಿ. ಅಲ್ಲಿಯವರೆಗೆ ಗೀಸರ್ ಹಾಕುವುದಿಲ್ಲ.'

ಅಮ್ಮ ಹೇಳುತ್ತಿದ್ದದ್ದು ನಿಜ. ಆದರೆ ಅದು ಕಿವುಡನ ಮುಂದೆ ಶಂಖ ಊದಿದಂತಾಗಿತ್ತು. "ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣೇ" ಎಂದಾಗಲೆಲ್ಲ ಮಗಳು, "ಅದು ನರದ ತೊಂದ್ರೆ ಅಮ್ಮಾ, ಮಾತ್ರೆ ತಗೋ" ಎನ್ನುತ್ತಿದ್ದಳು. ಒಮ್ಮೆ ತಾನೇ ನಲ್ಲಿ ಹಿಡಿದು, "ನೋಡು, ನನಗೇನೂ ಆಗಲ್ಲ" ಎಂದು ಮುದುಕಿಯ ಬಾಯಿ ಮುಚ್ಚಿಸಿದ್ದೂ ಉಂಟು. ಆಗ ಮಗಳ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅಮ್ಮನದು ಬರಿಗಾಲು. ಸೋಮವಾರ ಅದರ ಉಂಗುಷ್ಠ ಕಿತ್ತು ಬರಿಗಾಲಲ್ಲಿ ನಿಂತು ನಲ್ಲಿ ಮುಟ್ಟಿದ ಮೇಲೆ ಗೊತ್ತಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕಾಗದ ತಲುಪಿದ ಮರುದಿನ ಬೆಳಿಗ್ಗೆಯೇ ಮನೆ ಯಜಮಾನರು ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಬಂದರು.

"ಇಪ್ಪತ್ತು ವರ್ಷದಿಂದ ಇಲ್ಲದ ಶಾಕ್ ಈಗೆಲ್ಲಿಂದ ಬಂತಮ್ಮ?" ಎಂದು ಗೊಣಗಿದರು.

ಎಲೆಕ್ಟ್ರಿಷಿಯನ್ ಕೈಗವಸು ತೊಟ್ಟು ಗೀಸರ್ ಸ್ವಿಚ್ ಹಾಕಿದ. ಕಿಟಕಿಯಾಚೆಯ ಹಸಿ ಮಣ್ಣಿಗೆ ನೆಟ್ಟ ಸರಳಿಗೂ ನಲ್ಲಿಗೂ ಮೀಟರ್ ಹಚ್ಚಿದ. ಎಪ್ಪತ್ತು ವೋಲ್ಟ್! ಕೂಡಲೇ ಮೇನ್ ಆರಿಸಿ, ಸಾಕೆಟ್ ಬಿಚ್ಚಿ, ಹಸಿರು ಅರ್ತ್ ವೈರಿನ ಜಾಡು ಹಿಡಿದ. ಅದು ಗೋಡೆಯ ಹಳೇ ಕಬ್ಬಿಣದ ಪೈಪಿಗೆ ಬಿಗಿದಿತ್ತು.

"ಈ ಪೈಪೇ ಮಣ್ಣಿಗೆ ಹೋಗಿ ಅರ್ತ್ ಆಗಿತ್ತು. ಕೆಳಗಡೆ ಪ್ಲಾಸ್ಟಿಕ್ ಪೈಪ್ ಹಾಕ್ಸಿದ್ದೀರಿ. ಈಗ ಹಗ್ಗ ಇದೆ, ಗೂಟ ಇಲ್ಲ. ಗೀಸರಿನ ನೀರು ಕಾಯಿಸೋ ಕಾಯಿಲ್‌ನಿಂದ ಸೋರಿದ ಕರೆಂಟು ಹೋಗೋಕೆ ದಾರಿಯಿಲ್ಲದೆ ನಲ್ಲೀಲಿ ಕೂತಿದೆ."

ಯಜಮಾನರ ಮುಖ ಬಿಳಿಚಿಕೊಂಡಿತು. ಮೂರು ತಿಂಗಳ ಹಿಂದೆ ತುಕ್ಕುನೀರು ಬರುತ್ತದೆಂದು ಪೈಪು ಬದಲಾಯಿಸಿದವರು ಅವರೇ.

"ತಪ್ಪು ನಂದೇ. ಆದ್ರೆ ಮೊದಲ ದಿನವೇ ಒಂದು ಮಾತು ಹೇಳಬಾರದಿತ್ತಾ? ನಿಮ್ಮ ತಾಯಿ ಮೂರು ತಿಂಗಳಿಂದ ಯಾರಿಗೆ ಹೇಳ್ತಾ ಇದ್ರು ಟೀಚರ್?"

ಅಡುಗೆಮನೆಯ ಬಾಗಿಲಿನಿಂದ ಅಮ್ಮ, "ಯಾರಿಗೂ ಇಲ್ಲ ಬಿಡಿ, ನಾನೇ ಸುಮ್ಮನಿದ್ದೆ" ಎಂದಳು.

ಆ ಸುಳ್ಳು ಟೀಚರ್‌ಗೆ ಶಾಕಿಗಿಂತ ಹೆಚ್ಚು ನೋವು ಕೊಟ್ಟಿತು.

"ನನಗೆ ಹೇಳ್ತಾ ಇದ್ರು. ನಾನು ನಂಬಲಿಲ್ಲ" ಎಂದಳು.

ಸಂಜೆಯೊಳಗೆ ಅಂಗಳದಲ್ಲಿ ಹೊಸ ಅರ್ತ್ ಗುಂಡಿ ಸಿದ್ಧವಾಯಿತು. ಕಾಯಿಲ್ ಬದಲಾಯಿತು, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚೂ ಬಂತು. ಗೀಸರ್ ಹಾಕಿದಾಗ ಮೀಟರ್ ಸೊನ್ನೆ ತೋರಿಸಿತು.

"ಅಮ್ಮಾ, ನೀನು ಆಮೇಲೆ" ಎಂದು ಟೀಚರ್ ಹೊಸ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಒದ್ದೆ ನೆಲದ ಮೇಲೆ ನಿಂತು, ನಲ್ಲಿಯನ್ನು ಮೊದಲು ತಾನು ಹಿಡಿದಳು.